ಬನದಿಂದ ಬಾರವ್ವ: ಒಂದು ಮನೆತನದ ಹಾಡು ಮುಂದಿನ ಪೀಳಿಗೆಗೆ ದಾಟಿದ ಪ್ರಕರಣ

ಮೊದಲು ಯಾರು ಯಾರು ಅಂತ ಹೇಳ್ಬಿಡ್ತೀನಿ. ಹುಡುಗಿ ನಮ್ಮಣ್ಣನ ಮಗಳು, ಒಂಬತ್ತನೇ ಕ್ಲಾಸು. ಕಲಿಸಿದವರು ನಮ್ಮ ಕಾಕಾ, ಅಂದ್ರೆ ಅವಳ ಅಜ್ಜನ ತಮ್ಮ, ಅವಳು ಸಣ್ಣಜ್ಜ ಅಂತ ಕರೀತಾಳೆ, ಈಗ 78 ವಯಸ್ಸು. ನಾಲ್ಕು ವರ್ಷದವರಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋದವು, ಆಗಿನ ಕಾಲದಲ್ಲಿ ಸಿಡುಬಿಂದ ಕಣ್ಣು ಕಳ್ಕೊಂಡ ಮಕ್ಕಳು ಊರಿಗೆ ಒಬ್ಬರಾದ್ರೂ ಇರ್ತಿದ್ರು. ಊರು ಬಾಗಲಕೋಟೆ ಜಿಲ್ಲೆ ಗುಳೇದಗುಡ್ಡ, ಖಣಕ್ಕೆ ಹೆಸರಾದ ಊರು, ನಮ್ಮದು ದೇವಾಂಗ ನೇಕಾರರ ಮನೆ, ಮನೆದೇವರು ಬಾದಾಮಿ ಹತ್ರದ ಬನಶಂಕರಿ.

ಬನದ ಹುಣ್ಣಿಮೆ ದಿನ, ಅಂದ್ರೆ ಪುಷ್ಯ ಮಾಸದ ಹುಣ್ಣಿಮೆ, ಜನವರಿಯಲ್ಲಿ ಬರತ್ತಲ್ಲ, ಆವತ್ತು ಅಲ್ಲಿ ತೇರು ಎಳೀತಾರೆ, ಇಲ್ಲಿ ನಮ್ಮ ಮನೇಲಿ ದೇವಿಗೆ ಉಡಿ ತುಂಬಿ ಒಂದು ಹಾಡು ಹಾಡ್ತಾರೆ. ಆ ಹಾಡು ನಮ್ಮ ಮನೆತನದಲ್ಲಿ ಬಿಟ್ರೆ ಬೇರೆ ಎಲ್ಲೂ ನಾನು ಕೇಳಿಲ್ಲ. ಯಾರು ಕಟ್ಟಿದ್ದು ಅಂತ ಮನೇಲಿ ಯಾರಿಗೂ ಗೊತ್ತಿಲ್ಲ, ಕೊನೇಲಿ ಯಾರ ಅಂಕಿತಾನೂ ಇಲ್ಲ. ಹುಡುಗಿ ಕಲಿಯೋವರೆಗೆ ನಮ್ಮನೇಲಿ ಮೊದಲಿಂದ ಕೊನೆವರೆಗೆ ಹಾಡೋಕೆ ಬರ್ತಿದ್ದದ್ದು ಕಾಕಾಗೆ ಒಬ್ಬರಿಗೇ. ನಾನು ಸಂಗೀತ ಹೇಳ್ಕೊಡೋಳು, ಆದ್ರೂ ಇದನ್ನ ಪೂರ್ತಿ ಕಲೀಲಿಲ್ಲ, ಲಗ್ನ ಆಗಿ ಬೇರೆ ಊರಿಗೆ ಹೋದೆ. ಹೋದ ದಸರಾ ರಜೆಯಲ್ಲಿ ಹುಡುಗಿ ತಾನಾಗೇ "ಸಣ್ಣಜ್ಜ ನಂಗ ಕಲಸು" ಅಂದ್ಲು. ಅಲ್ಲಿಂದ ಹುಣ್ಣಿಮೆವರೆಗೆ ಏನೇನಾಯ್ತು ಅಂತ ಬರೀತೀನಿ, ಯಾಕಂದ್ರೆ ಮನೆಯಲ್ಲಿ ಹಾಡೋ ಹಾಡನ್ನ ಫೋನಲ್ಲಿ ರೆಕಾರ್ಡ್ ಮಾಡಿಟ್ರೆ ಉಳೀತು ಅಂತ ಬಹಳ ಜನ ಅನ್ಕೊಂಡಿದಾರೆ, ಅದರಲ್ಲಿ ಏನು ಉಳಿಯತ್ತೆ ಏನು ಉಳಿಯಲ್ಲ ಅನ್ನೋದು ಈ ಪ್ರಕರಣದಲ್ಲಿ ಬಹಳ ಚೆನ್ನಾಗಿ ಕಾಣತ್ತೆ.

ಹಾಡಿನ ಪಲ್ಲವಿ, ಮೊದಲ ನುಡಿ ಹೀಗಿದೆ:

ಬನದಿಂದ ಬಾರವ್ವ ತಾಯೀ ನಮ್ಮ
ಮನಿದೀಪ ಬೆಳಗವ್ವ ಮಾಯೀ

ಹಾಸೆಲ್ಲ ನಿನದವ್ವ ಹೊಕ್ಕೆಲ್ಲ ನಿನದವ್ವ
ಲೇಸಾಗಿ ನೇಯವ್ವ ತಾಯೀ

ಹಾಸು ಅಂದ್ರೆ ಮಗ್ಗದ ಉದ್ದದ ಎಳೆ, ಹೊಕ್ಕು ಅಡ್ಡ ಎಳೆ, ನೇಕಾರರ ಹಾಡು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಹುಡುಗಿ ಏನು ಮಾಡಿದ್ಲು ಅಂದ್ರೆ, ಒಂದಿನ ಸಂಜೆ ಸಣ್ಣಜ್ಜ ಹಾಡಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು, ನಮ್ಮಮ್ಮನ ಹಳೇ ನೋಟ್‌ಬುಕ್ಕಿಂದ ಸಾಹಿತ್ಯ ಬರ್ಕೊಂಡು, ಇಯರ್‌ಫೋನ್ ಹಾಕ್ಕೊಂಡು ಒಂದು ವಾರದೊಳಗೆ ಬಾಯಿಪಾಠ ಮಾಡಿ ಬಂದು ಒಪ್ಪಿಸಿದ್ಲು. ಕೇಳಿದವರೆಲ್ಲ ಖುಷಿಪಟ್ರು. ಕಾಕಾ ಎರಡು ನುಡಿ ಪೂರ್ತಿ ಕೇಳಿ, "ಭಾಳ ಛಂದ ಹಾಡಿದಿ ಯವ್ವಾ, ಆದ್ರ ನೀ ಹಾಡು ಕಲ್ತಿಲ್ಲ, ನನ್ನನ್ನ ಕಲ್ತಿ" ಅಂದ್ರು. ಅವಳಿಗೆ ಅರ್ಥ ಆಗ್ಲಿಲ್ಲ. "ಎದಿ ಅಂದು ದಮ್ಮು ತಗೊಂಡು ಯಾಗ ಅಂದಿ ನೋಡು, ಅದು ಹಾಡಿನ ದಮ್ಮಲ್ಲ, ನನ್ನ ದಮ್ಮು. ಮುದುಕನ ದಮ್ಮು ನಿಂಗ್ಯಾಕ?"

ನಡೆದದ್ದು ಇಷ್ಟು. ಎರಡನೇ ನುಡಿಯಲ್ಲಿ "ಎದಿಯಾಗ ಬೆಳಕಿಲ್ಲ" ಅಂತ ಬರತ್ತೆ. ರೆಕಾರ್ಡ್ ಮಾಡಿದ ಸಂಜೆ ಕಾಕಾಗೆ ಅಲ್ಲಿ ಉಸಿರು ಸಾಲದೆ ಪದದ ಮಧ್ಯೆ ಮುರಿದಿತ್ತು, ಹುಡುಗಿ ಅದನ್ನ ಹಾಗೇ ಕಲಿತಿದ್ಲು, ಉಸಿರಿಗೆ ಮುಂಚೆ ಅವರು ಮಾಡೋ ಸಣ್ಣ ಹ್ಞಂಕಾರ ಕೂಡ ಬಂದಿತ್ತು. ವಯಸ್ಸಾದವರ ರೆಕಾರ್ಡಿಂಗ್ ಇಟ್ಕೊಂಡು ಕಲಿಯೋರಿಗೆಲ್ಲ ಈ ತೊಂದರೆ ಇದೆ. ಹದಿನಾಲ್ಕು ವರ್ಷದ ಹುಡುಗಿಯ ಪುಪ್ಪುಸಕ್ಕೆ ಆ ಸಾಲು ಒಂದೇ ಉಸಿರಿಗೆ ಆರಾಮಾಗಿ ಬರತ್ತೆ, ಆದ್ರೂ ಮಾದರಿಯಲ್ಲಿ ತುಂಡಾಗಿದೆ ಅಂತ ಅವಳೂ ತುಂಡು ಮಾಡ್ತಾಳೆ, ಅವಳಿಂದ ಮುಂದಿನೋರು ಕಲಿತ್ರೆ ಅದೇ ಹಾಡಿನ ರೀತಿ ಆಗಿಹೋಗತ್ತೆ.

ಯಾವುದು ಹಾಡಿನ ನಿಲುಗಡೆ, ಯಾವುದು ಹಾಡುವವರ ಆಯಾಸ ಅಂತ ಗುರುತಿಸೋದಕ್ಕೆ ನಾವು ಮಾಡಿದ ಕೆಲಸ ಸರಳ. ಕಾಕಾ ಬೆಳಿಗ್ಗೆ ಚಹಾ ಆದ್ಮೇಲೆ ನೆಟ್ಟಗೆ ಕೂತು ಹಾಡಿದ್ದು, ಮಧ್ಯಾಹ್ನ ಹಾಡಿದ್ದು, ರಾತ್ರಿ ದಣಿದು ಹಾಡಿದ್ದು, ಮೂರನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ ಪಕ್ಕಪಕ್ಕ ಕೇಳಿದ್ವಿ. ಆಯಾಸದ ಉಸಿರು ಮೂರರಲ್ಲೂ ಜಾಗ ಬದಲಿಸ್ತು, ಬೆಳಿಗ್ಗೆ "ಎದಿಯಾಗ" ಇಡೀ ಬಂತು, ರಾತ್ರಿ "ಬೆಳ ಕಿಲ್ಲ" ಅಂತ ಒಡೀತು. ಹಾಡಿನ ನಿಲುಗಡೆ ಮಾತ್ರ ಮೂರರಲ್ಲೂ ಅದೇ ಜಾಗದಲ್ಲಿ ಇತ್ತು. ಇದಕ್ಕೆ ಸಂಗೀತ ಬರಬೇಕಂತಿಲ್ಲ, ಕೂತು ಕೇಳೋ ತಾಳ್ಮೆ ಇದ್ರೆ ಯಾರ ಮನೇಲಾದ್ರೂ ಮಾಡಬಹುದು.

ಆದ್ರೆ ಇನ್ನೊಂದು ತಪ್ಪಿತ್ತು, ಅದು ರೆಕಾರ್ಡಿಂಗ್ ಎಷ್ಟು ಸಲ ಕೇಳಿದ್ರೂ ಗೊತ್ತಾಗೋ ಹಾಗಿರ್ಲಿಲ್ಲ. ಹಾಡು ಆರು ಮಾತ್ರೆಯ ದಾದ್ರಾ ನಡೆಯಲ್ಲಿದೆ. ಸಾಹಿತ್ಯ ನೋಡಿ, ಬನದಿಂದ ಐದು ಮಾತ್ರೆ, ಬಾರವ್ವ ಐದು, ಮನಿದೀಪ ಐದು, ಬೆಳಗವ್ವ ಐದು, ಹೆಚ್ಚುಕಡಿಮೆ ಎಲ್ಲಾ ಪದಾನೂ ಐದೇ. ಆರರ ತಾಳಕ್ಕೆ ಐದರ ಪದ ಕೂರಿಸಿದ್ರೆ ಒಂದು ಪೆಟ್ಟು ಖಾಲಿ ಉಳಿಯತ್ತೆ. ಹುಡುಗಿ ಮೊದಲ ಪೆಟ್ಟಿಗೇ "ಬ" ಎತ್ತಿ ಆರನೇ ಪೆಟ್ಟು ಖಾಲಿ ಬಿಡ್ತಿದ್ಲು. ನಮ್ಮ ಮನೆ ರೀತಿ ಅದಲ್ಲ, ಮೊದಲ ಪೆಟ್ಟು ಖಾಲಿ ಬಿಟ್ಟು ಎರಡನೇ ಪೆಟ್ಟಿಗೆ ಎತ್ತಬೇಕು. ಅವಳಿಗೆ ಯಾಕೆ ತಿಳೀಲಿಲ್ಲ ಅಂದ್ರೆ ಫೋನಲ್ಲಿ ತಾಳ ಇರ್ಲಿಲ್ಲ, ಕಾಕಾ ಸುಮ್ನೆ ಕೂತು ಹಾಡಿದ್ರು, ಖಾಲಿ ಪೆಟ್ಟು ಅವರ ಮನಸ್ಸಲ್ಲೇ ಬಿತ್ತು, ಫೋನಿಗೆ ಕೇಳಿದ್ದು ಎರಡನೇ ಪೆಟ್ಟಿಂದ. ಒಬ್ಬಳೇ ಹಾಡಿದ್ರೆ ಎರಡೂ ಒಂದೇ ಥರ ಕೇಳತ್ತೆ, ತಾಳ ಕುಟ್ಟೋಕೆ ಶುರು ಮಾಡಿದ ಕೂಡಲೇ ಅವಳ ಪದ ಒಂದು ಕಡೆ, ಪೆಟ್ಟು ಒಂದು ಕಡೆ.

ಕಾಕಾ ಅದನ್ನ ತಿದ್ದಿದ ರೀತಿ ನಾನು ಯಾವ ಕ್ಲಾಸಲ್ಲೂ ನೋಡಿಲ್ಲ. ಅವಳ ಬಲಗೈ ತಗೊಂಡು ತಮ್ಮ ಮೊಣಕಾಲ ಮೇಲೆ ಇಟ್ಕೊಂಡ್ರು, ಅದರ ಮೇಲೆ ತಮ್ಮ ಕೈ ಇಟ್ಟು ಒತ್ತಿ ಒತ್ತಿ ಎಣಿಸಿದ್ರು, ಮೊದಲ ಪೆಟ್ಟಿಗೆ ಜೋರಾಗಿ ಒತ್ತೋದು, ಉಳಿದ ಐದಕ್ಕೆ ಬೆರಳಿಂದ ಮುಟ್ಟೋದು ಅಷ್ಟೇ. "ಹಣಿಗಿ ಬಡಿಯೂತನಕ ತಡಿ, ಬಡದ ಮ್ಯಾಲ ಬಾಯಿ ತಗಿ" ಅಂದ್ರು. ಹಣಿಗೆ ಅಂದ್ರೆ ಮಗ್ಗದಲ್ಲಿ ಹೊಕ್ಕಿನ ಎಳೆಯನ್ನ ಬಡಿದು ಕೂರಿಸೋ ಬಾಚಣಿಗೆ ಥರದ್ದು, ಲಾಳಿ ಆ ಕಡೆ ಹೋದ್ಮೇಲೆ ಧಡ್ ಅಂತ ಬಡೀತಾರಲ್ಲ, ಆ ಬಡಿತ ಬೀಳೋ ಜಾಗವೇ ಹಾಡಿನ ಖಾಲಿ ಪೆಟ್ಟು. ಅವರಪ್ಪ ಕುಣಿಮಗ್ಗದಲ್ಲಿ ನೇಯ್ತಿದ್ರೆ ಅವರವ್ವ ಪಕ್ಕದಲ್ಲಿ ಹಾಡ್ತಿದ್ರಂತೆ, ಕಾಕಾ ಕೂತು ರಾಟಿಯಲ್ಲಿ ಕಂಡಿಕೆ ಸುತ್ತುತಾ ಕೇಳಿ ಕಲಿತದ್ದು. ಬಡಿತದ ಸದ್ದಲ್ಲಿ ಪದ ಹಾಡಿದ್ರೆ ಕೇಳಿಸಲ್ಲ, ಅದಕ್ಕೇ ಅಲ್ಲಿ ಬಾಯಿ ಮುಚ್ಚೋದು, ಉಸಿರು ತಗೊಳೋದೂ ಅಲ್ಲೇ. ಹುಡುಗಿಗೆ ಇದು ತಿಳಿದ ಮೇಲೆ ಉಸಿರಿನ ತಪ್ಪೂ ತನ್ನಿಂದ ತಾನೇ ಹೋಯ್ತು, ಪದ ಪದಕ್ಕೂ ಹಾಡೇ ಉಸಿರಿಗೆ ಜಾಗ ಕೊಟ್ಟಿದೆ ಅಂದ್ಮೇಲೆ ಮಧ್ಯದಲ್ಲಿ ಕದಿಯೋ ಅಗತ್ಯ ಎಲ್ಲಿದೆ. ಈಗ ನಮ್ಮನೇಲಿ ಮಗ್ಗ ಇಲ್ಲ, ಅವಳು ಹಣಿಗೆ ಬಡಿತ ಸರಿಯಾಗಿ ಕೇಳಿದ್ದೇ ಇಲ್ಲ, ಹಾಗಾಗಿ ಪಕ್ಕದ ಓಣಿಯಲ್ಲಿ ಇನ್ನೂ ಕೈಮಗ್ಗ ನಡೆಸೋ ಮನೆಗೆ ಕರ್ಕೊಂಡು ಹೋಗಿ ಕೂರಿಸಿದೆ, ಅಲ್ಲಿ ಆ ಸದ್ದಿಗೆ ಮೆಲ್ಲಗೆ ಹಾಡಿಕೊಂಡ್ಲು, ಅಲ್ಲಿಂದ ಮುಂದೆ ತಾಳ ತಪ್ಪಲೇ ಇಲ್ಲ.

ಕಾಕಾ ಬಗ್ಗೆ ಒಂದು ಮಾತು ಸೇರಿಸ್ಬೇಕು. ಹುಡುಗನಾಗಿದ್ದಾಗ ಅವರನ್ನ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬಿಟ್ಟಿದ್ರು. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು ನಡೆಸಿದ್ದು, ಇಬ್ಬರಿಗೂ ಕಣ್ಣಿರಲಿಲ್ಲ, ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಉಂಡು, ಮಲಗಿ, ಸಂಗೀತ ಕಲಿತು ಬದುಕು ಕಂಡ್ಕೊಂಡ್ರು. ಕಾಕಾ ಅಲ್ಲಿ ಹಾರ್ಮೋನಿಯಂ ಪೇಟಿ, ತಬಲಾ ಕಲಿತ್ರು, ಮನೆ ಕಷ್ಟಕ್ಕೆ ಮಧ್ಯದಲ್ಲೇ ವಾಪಸ್ ಬಂದ್ರು. ಅಂದ್ರೆ ಅವರಿಗೆ ಶಾಸ್ತ್ರ ಗೊತ್ತು, ಆದ್ರೂ ಈ ಹಾಡನ್ನ ಶಾಸ್ತ್ರಕ್ಕೆ ತಕ್ಕ ಹಾಗೆ ತಿದ್ದೋಕೆ ಯಾವತ್ತೂ ಹೋಗಿಲ್ಲ, ಅವ್ವ ಹೇಗೆ ಹಾಡಿದ್ರೋ ಹಾಗೇ. ನನಗೆ ಅವರ ಮೇಲೆ ಗೌರವ ಬರೋದು ಮುಖ್ಯವಾಗಿ ಇದಕ್ಕೆ.

ಆ ವಿದ್ಯೆ ಉಪಯೋಗಕ್ಕೆ ಬಂದದ್ದು ಶ್ರುತಿ ವಿಷಯದಲ್ಲಿ. ಕಾಕಾ ಹಾಡೋದು ಪೇಟಿಯ ಕರಿ ಒಂದಕ್ಕೆ, ಅಂದ್ರೆ ಮೊದಲ ಕಪ್ಪು ಮನೆ ಸಾ ಆಗೋ ಶ್ರುತಿಗೆ. ಹುಡುಗಿ ಫೋನಿನ ಜೊತೆ ಹಾಡಿ ಹಾಡಿ ಅದೇ ಶ್ರುತಿಗೆ ಅಂಟಿಕೊಂಡಿದ್ಲು, ಅವರ ಮಟ್ಟಕ್ಕೆ ಇಳಿಯೋಕೆ ಹೆಣ್ಣು ಗಂಟಲಿಗೆ ಆಗಲ್ಲ, ಅದಕ್ಕೆ ಒಂದು ಸ್ಥಾಯಿ ಮೇಲೆ ಹಾಡ್ತಿದ್ಲು, ಆಗ "ತಾಯೀ" ಅನ್ನೋ ಕಡೆ ಮೇಲಿನ ಸಾ ದಾಟಿ ರೀ ಮುಟ್ಟುವಾಗ ಹಾಡು ಹೋಗಿ ಕೂಗು ಆಗ್ತಿತ್ತು, ಕತ್ತಿನ ನರ ಎದ್ದು ಕಾಣ್ತಿತ್ತು. ಕತ್ತು ಕಾಕಾಗೆ ಕಾಣಲ್ಲ, ಆದ್ರೆ "ಗಂಟಲ ಹಿಡಕೊಂಡಿ, ಬಿಡು" ಅಂತ ಕೂಡಲೇ ಅಂದ್ರು. ಪೇಟಿ ತರಿಸಿ ಕರಿ ಒಂದರ ಮೇಲೆ ಬೆರಳಿಟ್ಟು ಅಲ್ಲಿಂದ ಪಂಚಮಕ್ಕೆ ಹೋದ್ರು, ಅದು ಕರಿ ನಾಕು. "ನನ್ನ ಪಾ ನಿನ್ನ ಸಾ, ಇಲ್ಲಿಂದ ಹಿಡಿ" ಅಂದ್ರು. ಮೇಲಿನ ಸಾ ಈಗ ಅವಳಿಗೆ ಮಾತಾಡಿದಷ್ಟು ಸಲೀಸು. ಹಾಡು ಕೆಳಗಿನ ಸಾ ಬಿಟ್ಟು ಇನ್ನೂ ಕೆಳಗೆ ಇಳಿಯಲ್ಲ, ಅದಕ್ಕೆ ಈ ಉಪಾಯ ನಡೀತು, ಮಂದ್ರಕ್ಕೆ ಇಳಿಯೋ ಹಾಡಾಗಿದ್ರೆ ಕರಿ ನಾಕಕ್ಕೆ ಬುಡ ಸಿಗ್ತಿರ್ಲಿಲ್ಲ, ಬೇರೆ ಶ್ರುತಿ ಹುಡುಕಬೇಕಿತ್ತು. ಒಂದೇ ನಷ್ಟ ಅಂದ್ರೆ ಇನ್ನು ಮೇಲೆ ಇಬ್ಬರೂ ಒಟ್ಟಿಗೆ ಆರಾಮಾಗಿ ಹಾಡೋ ಹಾಗಿಲ್ಲ.

ಇಲ್ಲೀವರೆಗೆ ಆಗಿದ್ದು ಯಾವ ಮನೆಯಲ್ಲಾದ್ರೂ ಆಗುವಂಥದ್ದು. ಇನ್ನು ಮುಂದಿನದ್ದು ನಮ್ಮ ಮನೆಗೇ ಸೇರಿದ್ದು. ಎರಡನೇ ನುಡಿ ನಮ್ಮಮ್ಮನ ನೋಟ್‌ಬುಕ್ಕಲ್ಲಿ ಹೀಗಿತ್ತು, ಕಾಕಾ ಹಾಡೋದೂ ಹೀಗೇ:

ಎಣ್ಣಿಲ್ಲ ಬತ್ತಿಲ್ಲ ಎದಿಯಾಗ ಬೆಳಕಿಲ್ಲ
ದೀಪಾಗಿ ಕಾಯವ್ವ ತಾಯೀ

ಹುಡುಗಿಗೆ ಸ್ಕೂಲಲ್ಲಿ ಆಗಷ್ಟೇ ಛಂದಸ್ಸು ಶುರುವಾಗಿತ್ತು, ಆದಿಪ್ರಾಸ ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು ಅಂತ ಹೇಳ್ಕೊಟ್ಟಿದ್ರು. ಕೂತು ಗುರುತು ಹಾಕಿದ್ಲು. ಬನದಿಂದ, ಮನಿದೀಪ, ಎರಡೂ ಕಡೆ ನಕಾರ. ಹಾಸೆಲ್ಲ, ಲೇಸಾಗಿ, ಸಕಾರ. ಮೂರನೇ ನುಡಿಯೂ ಸರಿ. ಎಣ್ಣಿಲ್ಲ ಅಂದಮೇಲೆ ದೀಪಾಗಿ ಹೇಗೆ ಬರತ್ತೆ? "ಅತ್ತಿ, ಇದೊಂದೇ ಕಡೆ ಪ್ರಾಸ ತಪ್ಪೈತಿ" ಅಂತ ನನ್ನ ಹತ್ರ ಬಂದ್ಲು. ನಾನು ಇಷ್ಟು ವರ್ಷ ಕೇಳಿದ ಹಾಡು, ಗಮನಕ್ಕೇ ಬಂದಿರ್ಲಿಲ್ಲ.

ಬಾಯಿಂದ ಬಾಯಿಗೆ ಬಂದ ಹಾಡಲ್ಲಿ ಪದ ಬದಲಾಗಿದ್ರೆ ಸಾಮಾನ್ಯವಾಗಿ ಮಟ್ಟು ಹೇಳಿಬಿಡತ್ತೆ, ಒಂದು ಮಾತ್ರೆ ಹೆಚ್ಚಾಗತ್ತೆ ಇಲ್ಲ ಕಡಿಮೆ ಬೀಳತ್ತೆ, ಎಳೆದು ತುಂಬಿಸ್ಬೇಕಾಗತ್ತೆ. ಇಲ್ಲಿ ದೀಪಾಗಿ ಐದೇ ಮಾತ್ರೆ, ತಾಳಕ್ಕೆ ಸರಿಯಾಗಿ ಕೂತಿದೆ, ಅರ್ಥಾನೂ ಸರಿ ಇದೆ, ಕಿವಿಗೆ ಏನೂ ಅನ್ನಿಸಲ್ಲ. ಬದಲಿಸಿದವರು ಹಾಡು ಚೆನ್ನಾಗಿ ಬಲ್ಲವರು ಅನ್ನೋದು ಅಲ್ಲೇ ಗೊತ್ತಾಗತ್ತೆ. ಪ್ರಾಸ ಒಂದೇ ಸುಳಿವು, ಆದ್ರೆ ಅದು ಇಲ್ಲಿ ಏನೋ ಬದಲಾಗಿದೆ ಅಂತ ಮಾತ್ರ ಹೇಳತ್ತೆ, ಮೊದಲು ಏನಿತ್ತು ಅಂತ ಹೇಳಲ್ಲ. ಬಣ್ಣಾಗಿ ಇರಬಹುದು, ಬೇರೇನೋ ಇರಬಹುದು, ನಾವೇ ಊಹೆ ಮಾಡಿ ತುಂಬಿಸೋದು ಸರಿಯಲ್ಲ. ಇಂಥಲ್ಲಿ ಹಾಡು ಕವಲೊಡೆದು ಬೇರೆ ಮನೆಗೆ ಯಾವಾಗ ಹೋಯ್ತು ಅಂತ ನೋಡ್ಬೇಕು. ಕಾಕಾನ ಹಿರಿಯಕ್ಕನ್ನ ಬಹಳ ಚಿಕ್ಕ ವಯಸ್ಸಲ್ಲಿ ರಬಕವಿಗೆ ಕೊಟ್ಟಿದ್ರು, ಕಾಕಾಗೆ ಸಿಡುಬು ಬರೋಕೂ ಮುಂಚೆ. ಆಕೆ ಈಗಿಲ್ಲ, ಆಕೆಯ ಸೊಸೆ ಇದಾರೆ. ಫೋನ್ ಮಾಡಿ ಆ ಹಾಡು ಬರತ್ತಾ ಅಂತ ಕೇಳಿದೆ, ಯಾವ ಪದ ಬೇಕು ಅಂತ ಬಾಯಿ ಬಿಡ್ಲಿಲ್ಲ, ಬಿಟ್ರೆ ನಮ್ಮ ಮಾತಿಗೆ ಹೂಂ ಅಂದುಬಿಡ್ತಾರೆ. ಎರಡು ನುಡಿ ಅಷ್ಟೇ ನೆನಪಿದೆ ಅಂತ ಹಾಡಿದ್ರು. ಅದರಲ್ಲಿ ಬಂತು:

ಕಣ್ಣಾಗಿ ಕಾಯವ್ವ ತಾಯೀ

ಹುಡುಗಿ ನನ್ನ ಮುಖ ನೋಡಿದ್ಲು. ಇಬ್ಬರಿಗೂ ಅರ್ಥ ಆಯ್ತು. ಕಣ್ಣು ಹೋದ ಮಗನ ಮುಂದೆ ಕೂತು ಆ ತಾಯಿಗೆ ಆ ಪದ ಹಾಡೋಕೆ ಆಗಿಲ್ಲ.

ಇದನ್ನ ಕಾಕಾಗೆ ಹೇಳ್ಬೇಕಾ ಬೇಡವಾ ಅಂತ ಮನೇಲಿ ದೊಡ್ಡ ಮಾತಾಯ್ತು. ನಮ್ಮಣ್ಣ ಬೇಡವೇ ಬೇಡ ಅಂದ, ಈ ವಯಸ್ಸಲ್ಲಿ ಯಾಕೆ ನೋಯಿಸ್ತೀರಿ ಅಂತ. ಬೇಡ ಅನ್ನೋದು ತಪ್ಪು ಅಂತ ನನಗೆ ಅನ್ನಿಸ್ತು, ಅವರ ಬಗ್ಗೆ ಅವರಿಗೆ ಕೇಳಿಸದ ಹಾಗೆ ತೀರ್ಮಾನ ಮಾಡೋದು ಎಪ್ಪತ್ತು ವರ್ಷದ ಹಿಂದೆ ಒಂದ್ಸಲ ಆಗಿದೆ, ಮತ್ತೊಂದ್ಸಲ ಯಾಕೆ. ನಾವು ಹೀಗೆ ಒಳಗೆ ಮಾತಾಡ್ತಿರೋ ಹೊತ್ತಿಗೆ ಹುಡುಗಿ ಹೋಗಿ ಪಕ್ಕ ಕೂತು ಕೇಳೇಬಿಟ್ಟಿದ್ಲು, "ಸಣ್ಣಜ್ಜ, ಅಲ್ಲಿ ಕಣ್ಣಾಗಿ ಅಂತ ಐತೇನು?"

"ಐತಿ" ಅಂದ್ರು ಕಾಕಾ.

ಗದಗಿನಲ್ಲಿ ಇದ್ದಾಗ ಪ್ರಾಸದ ಲೆಕ್ಕ ತಿಳಿದ ಮೇಲೆ ಒಂದು ರಾತ್ರಿ ಮಲ್ಕೊಂಡು ಮನೆ ಹಾಡು ಮನಸ್ಸಲ್ಲಿ ಹಾಡ್ಕೊಂಡಾಗ ಅಲ್ಲಿ ಎಡವಿದ್ರಂತೆ. ಯಾವ ಪದ ಅಂತ ಯೋಚಿಸೋ ಕೆಲಸವೇ ಬೀಳಲಿಲ್ಲವಂತೆ. "ಅವ್ವ ಆ ಸಾಲು ಬಂದಾಗ ಧ್ವನಿ ಸಣ್ಣ ಮಾಡ್ತಿದ್ಲು. ನಾ ಸಣ್ಣಾವಿದ್ದಾಗ ಅಕಿಗೆ ದಮ್ಮು ಸಾಲೂದಿಲ್ಲ ಅನ್ಕೊಂಡಿದ್ದೆ. ಆಮ್ಯಾಲ ತಿಳೀತು." ನೀವು ಅವರನ್ನ ಕೇಳ್ಲಿಲ್ವಾ ಅಂದೆ ನಾನು. "ಏನಂತ ಕೇಳ್ಲಿ. ಅಕಿ ನನಗಂತ ಹೊಸಾ ಮಾತು ಹಾಕಿ ಕೊಟ್ಟಾಳ, ಅದನ್ನ ತಪ್ಪು ಅನ್ಲೇನು?" ಅದಕ್ಕೇ ಇಷ್ಟು ವರ್ಷ ದೀಪಾಗಿ ಅಂತಲೇ ಹಾಡಿದ್ದು, ಗೊತ್ತಿದ್ದೂ. ಅವರ ದನಿಯಲ್ಲಿ ಬೇಜಾರು ಇರ್ಲಿಲ್ಲ, ಯಾರೋ ಕೊನೆಗೂ ಕೇಳಿದ್ರಲ್ಲ ಅನ್ನೋ ಹಗುರ ಇತ್ತು, ಅಥವಾ ನನಗೆ ಹಾಗನ್ನಿಸ್ತು.

ಹುಡುಗಿ ಯಾವುದು ಕಲೀಬೇಕು ಅನ್ನೋದನ್ನ ಅವರೇ ತೀರ್ಮಾನ ಮಾಡಿದ್ರು. "ನೀ ಹಳೇದ ಹಾಡು, ಹಾಡು ಇದ್ದಂಗ ನಿನಗ ಮುಟ್ಟಲಿ. ನಾ ಅವ್ವಂದ ಹಾಡ್ತೀನಿ. ನಾ ಹೋದ ಮ್ಯಾಲ ಅವ್ವಂದು ಬರದಿಡು, ಹಾಡಬ್ಯಾಡ." ನನಗೆ ಇದು ಪೂರ್ತಿ ಒಪ್ಪಿಗೆ ಅಂತ ಹೇಳಲಾರೆ, ಆ ತಾಯಿಯ ಪದವೂ ಹಾಡಲ್ಲೇ ಉಳೀಬೇಕು ಅಂತ ಆಸೆ ಇದೆ, ಆದ್ರೆ ಅದು ಅವರದ್ದು, ಅವರು ಹೇಳಿದ ಹಾಗೇ.

ಬನದ ಹುಣ್ಣಿಮೆ ದಿನ ಉಡಿ ತುಂಬಿ ಆದ್ಮೇಲೆ ಪೇಟಿ ಕರಿ ನಾಕಕ್ಕೆ ಹುಡುಗಿ ಮೊದಲಿಂದ ಕೊನೆವರೆಗೆ ಹಾಡಿದ್ಲು, ಕಾಕಾ ಪೇಟಿ ಹಿಡಿದ್ರು, ನಮ್ಮಣ್ಣ ತಾಳ. ಕಾಗದ ಇರ್ಲಿಲ್ಲ, ಅದಕ್ಕೂ ಒಂದು ಕಾರಣ ಇದೆ, ನೋಡಿ ಹಾಡಿದ್ರೆ ಮುಖ ಕೆಳಗೆ ಬಾಗತ್ತೆ, ಧ್ವನಿ ನೆಲಕ್ಕೆ ಬೀಳತ್ತೆ, ಕಾಕಾ ಅದನ್ನ ಮೊದಲ ಪದಕ್ಕೇ ಹಿಡಿದು "ಓದಬ್ಯಾಡ, ಹಾಡು" ಅಂತಿದ್ರು. ಎರಡನೇ ನುಡಿ ಬಂದಾಗ ಅವಳು ಕಣ್ಣಾಗಿ ಅಂತ ಎತ್ತಿದ್ಲು, ಕಾಕಾ ಪೇಟಿಯಿಂದ ಕೈ ತೆಗೀದೆ ಕೆಳಗಿನ ದನಿಯಲ್ಲಿ ದೀಪಾಗಿ ಅಂದ್ರು. ಐದೈದು ಮಾತ್ರೆ ಅಲ್ವಾ, ಎರಡೂ ಒಟ್ಟಿಗೇ ಮುಗಿದವು. ನಮ್ಮಣ್ಣನ ತಾಳ ಒಂದು ಪೆಟ್ಟು ತಪ್ಪಿತು, ಆಮೇಲೆ ಸರಿಮಾಡ್ಕೊಂಡ.

ಕೆಲಸ ಇನ್ನೂ ಬಾಕಿ ಇದೆ. ನೋಟ್‌ಬುಕ್ಕಲ್ಲಿ ಈಗ ಎರಡೂ ಪಾಠ ಬರೆದಿದೀವಿ, ಯಾವುದು ಯಾರದ್ದು, ರಬಕವಿಯ ಪಾಠ ಯಾರ ಬಾಯಿಂದ ಯಾವಾಗ ಕೇಳಿದ್ದು ಅಂತ ಪಕ್ಕದಲ್ಲೇ ಹಾಕಿದೀವಿ. ಬೆಳಿಗ್ಗೆ ಹಾಡಿದ ರೆಕಾರ್ಡಿಂಗನ್ನ ತಾಳ ಕುಟ್ಟಿಸಿ ಮತ್ತೊಮ್ಮೆ ಮಾಡಿಟ್ಟಿದೀವಿ, ಖಾಲಿ ಪೆಟ್ಟು ಕೇಳೋ ಹಾಗೆ. ಆದ್ರೆ ನಾಲ್ಕನೇ ನುಡಿಯಲ್ಲಿ ಒಂದು ಸಾಲು ಕಾಕಾಗೂ ಇಲ್ಲ, ಅಲ್ಲಿ ಅವರು ಪಲ್ಲವಿಯನ್ನೇ ತಿರುಗಿ ಹಾಡ್ತಾರೆ, ಅವರವ್ವನೂ ಹಾಗೇ ಮಾಡ್ತಿದ್ರಂತೆ. ಮೇಲಿನ ಸಾಲಿನ ಎರಡನೇ ಅಕ್ಷರ ಲಕಾರ, ಹಾಗಾಗಿ ಕಳೆದ ಸಾಲಲ್ಲೂ ಲಕಾರ ಇರಬೇಕು ಅನ್ನೋದಷ್ಟೇ ಗೊತ್ತು. ರಬಕವಿಯ ಆ ಅಕ್ಕನ ನಾದಿನಿ ಒಬ್ಬರು ಇಳಕಲ್‌ನಲ್ಲಿ ಇದಾರೆ, ಅವರಿಗೆ ಹಾಡು ಪೂರ್ತಿ ಬರತ್ತಂತೆ, ಬೇಸಿಗೆ ರಜೆಗೆ ಹುಡುಗಿ ಮತ್ತೆ ನಾನು ಹೋಗೋದು ಅಂತ ಆಗಿದೆ.